ಹತ್ತಕ್ಕೆ ಆರು, ಆದರೆ ಬೇರೆ ಬೇರೆ ಆರು

ಅತ್ತಿಗೆ ಸಂಜೆ ಹೊತ್ತು ಜಗಲಿಯಲ್ಲಿ ಅಕ್ಕಪಕ್ಕದ ಮಕ್ಕಳಿಗೆ ಪಾಠ ಹೇಳಿಕೊಡುತ್ತಾರೆ. ರಜೆಯಲ್ಲಿ ಮನೆಗೆ ಹೋದಾಗ ತಿದ್ದುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಈ ಸಲ ಕೈಗೆ ಬಂದದ್ದು ಒಂದನೇ ತರಗತಿ ಮಕ್ಕಳ ಕೂಡುವ ಲೆಕ್ಕದ ಹಾಳೆಗಳು. ಎರಡಂಕಿಯ ಸಂಖ್ಯೆಗಳು, ಕೆಲವು ದಶಕ ಇಲ್ಲದವು, ಕೆಲವು ದಶಕ ಇರುವವು, ಒಟ್ಟು ಹತ್ತು ಲೆಕ್ಕ.

ಅದರಲ್ಲಿ ಇಬ್ಬರು ಮಕ್ಕಳಿಗೆ ಹತ್ತಕ್ಕೆ ಆರು ಬಂದಿತ್ತು. ಒಬ್ಬಳು ಹುಡುಗಿ, ಒಬ್ಬ ಹುಡುಗ. ಹುಡುಗನ ಅಮ್ಮ ಕರೆದುಕೊಂಡು ಹೋಗಲು ಬಂದಾಗ ಹಾಳೆ ನೋಡಿ, "ಇವನಿಗೆ ಲೆಕ್ಕ ತಲೆಗೇ ಹತ್ತುವುದಿಲ್ಲ ಟೀಚರೇ, ಇನ್ನು ದಿನಾ ಐವತ್ತು ಲೆಕ್ಕ ಮಾಡಿಸಿ" ಎಂದರು. ಹುಡುಗ ಮುಖ ಕೆಳಗೆ ಹಾಕಿ ನಿಂತಿದ್ದ. ಅತ್ತಿಗೆ ಅವಸರ ಮಾಡಲಿಲ್ಲ. "ನಾಳೆ ಹೇಳುತ್ತೇನೆ" ಎಂದು ಕಳಿಸಿ, ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನನ್ನನ್ನು ಕರೆದರು.

ಹುಡುಗಿ ತಪ್ಪು ಮಾಡಿದ್ದ ನಾಲ್ಕು ಲೆಕ್ಕಗಳು ಹೀಗಿದ್ದವು:

27 + 15 = 32
38 + 24 = 52
36 + 8 = 34
54 + 9 = 53

ಸರಿಯಾದ ಉತ್ತರ 42, 62, 44, 63. ನಾಲ್ಕರಲ್ಲೂ ಸರಿಯಾಗಿ ಹತ್ತು ಕಡಿಮೆ. ಬಿಡಿಯ ಅಂಕಿ ಎಲ್ಲೂ ತಪ್ಪಿಲ್ಲ. ಏಳಕ್ಕೆ ಐದು ಕೂಡಿಸಿ ಹನ್ನೆರಡು ಎಂದು ಅವಳಿಗೆ ಗೊತ್ತು. ಎರಡು ಬರೆದಳು, ದಶಕ ಒಂದನ್ನು ಎಲ್ಲೂ ಬರೆಯಲಿಲ್ಲ. ಪಕ್ಕದ ಸಾಲಿಗೆ ಹೋಗುವಷ್ಟರಲ್ಲಿ ಅದು ನೆನಪಿನಿಂದ ಜಾರಿತು. ಬೆರಳೆಣಿಕೆ ತಪ್ಪಿದ್ದರೆ ಉತ್ತರ ಒಂದೋ ಎರಡೋ ಹೆಚ್ಚುಕಡಿಮೆ ಆಗುತ್ತಿತ್ತು, 41 ಅಥವಾ 43 ಬರುತ್ತಿತ್ತು. ಸರಿಯಾಗಿ ಹತ್ತೇ ಕಡಿಮೆ ಬಂದರೆ ಅದು ದಶಕ ಮರೆತ ಗುರುತು.

ಹುಡುಗನ ನಾಲ್ಕು ತಪ್ಪುಗಳು ಇವು:

42 + 6 = 102
31 + 7 = 101
36 + 8 = 116
54 + 9 = 144

ಮೊದಲ ನೋಟಕ್ಕೆ ಬಾಯಿಗೆ ಬಂದ ಉತ್ತರ ಬರೆದಂತೆ ಕಾಣುತ್ತದೆ. ಆದರೆ ಅವನು ಅಡ್ಡಸಾಲಿನ ಲೆಕ್ಕವನ್ನು ಕೆಳಗೆ ಕಂಬಸಾಲಾಗಿ ಬರೆದುಕೊಂಡದ್ದನ್ನು ನೋಡಿದರೆ ಎಲ್ಲ ಬಿಚ್ಚಿಕೊಳ್ಳುತ್ತದೆ. 36 ಬರೆದು ಅದರ ಕೆಳಗೆ 8 ಅನ್ನು 6ರ ಅಡಿಗೆ ಇಡುವ ಬದಲು 3ರ ಅಡಿಗೆ ಇಟ್ಟಿದ್ದಾನೆ. ಬಿಡಿ ಸಾಲಿನಲ್ಲಿ 6 ಒಂಟಿ, ಅದನ್ನು ಹಾಗೇ ಇಳಿಸಿದ. ಹತ್ತರ ಸಾಲಿನಲ್ಲಿ 3 ಮತ್ತು 8 ಸೇರಿ 11. ಬಂತು 116. ಅವನ ಕೂಡಿಕೆ ತಪ್ಪಿಲ್ಲ, ನಿಲ್ಲಿಸಿದ ಜಾಗ ತಪ್ಪು. 27 + 15, 38 + 24 ಎರಡನ್ನೂ ಅವನು ದಶಕ ಮೇಲಿಟ್ಟು ಸರಿಯಾಗಿಯೇ ಮಾಡಿದ್ದ. ಎರಡೂ ಎರಡಂಕಿಯ ಸಂಖ್ಯೆಯಾದರೆ ಜಾಗ ತಪ್ಪುವುದು ಕಷ್ಟ. ಒಂದಂಕಿ ಬಂದಾಗಲೇ ಅವನು ಎಡವುತ್ತಾನೆ.

ಅವನು ಹೀಗೆ ಮಾಡುವುದಕ್ಕೆ ಕಾರಣವೂ ಇದೆ. ಆ ವಯಸ್ಸಿನ ಮಗು ದಿನವಿಡೀ ಅ ಆ ಇ ಈ ಬರೆಯುತ್ತದೆ. ಪ್ರತಿ ಸಾಲನ್ನೂ ಎಡಗಡೆಯಿಂದ ಶುರು ಮಾಡು ಎಂದು ನಾವೇ ಕಲಿಸಿದ್ದೇವೆ. ಪದಗಳನ್ನು ಒಂದರ ಕೆಳಗೆ ಒಂದು ಬರೆಯುವಾಗ ಎಡಬದಿ ಸಮನಾಗಿರಬೇಕು. ಸಂಖ್ಯೆಗೆ ಮಾತ್ರ ಬಲಬದಿ ಸಮನಾಗಿರಬೇಕು ಎನ್ನುವುದನ್ನು ಬೇರೆಯಾಗಿ ಹೇಳಿಕೊಡದಿದ್ದರೆ ಮಗು ತನಗೆ ಗೊತ್ತಿದ್ದ ನಿಯಮವನ್ನೇ ಪಾಲಿಸುತ್ತದೆ.

ಇಬ್ಬರಿಗೂ ಆರೇ ಅಂಕ, ಆದರೆ ಇಬ್ಬರಿಗೂ ಬೇಕಾದ ಮದ್ದು ಬೇರೆ. ಹುಡುಗನಿಗೆ ಐವತ್ತು ಲೆಕ್ಕ ಕೊಟ್ಟರೆ ಅವನು ಐವತ್ತು ಸಲ ಎಡಕ್ಕೆ ಇಟ್ಟು ಅದನ್ನೇ ಗಟ್ಟಿ ಮಾಡಿಕೊಳ್ಳುತ್ತಿದ್ದ.

ಮರುದಿನ ಅತ್ತಿಗೆ ಅವನಿಗೆ ಹಿಡಿಸೂಡಿ ಕಡ್ಡಿ ಮುರಿದು ಕೊಟ್ಟರು. ಹತ್ತು ಹತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿದ ಕಟ್ಟುಗಳು, ಉಳಿದವು ಬಿಡಿ. "42 ಮಾಡು" ಎಂದರು. ನಾಲ್ಕು ಕಟ್ಟು, ಎರಡು ಬಿಡಿ ಇಟ್ಟ. "ಇನ್ನು 6 ತಾ." ಆರು ಬಿಡಿ ಕಡ್ಡಿ ತಂದ. "ಇದನ್ನು ಕಟ್ಟಿನ ಗುಂಪಿಗೆ ಹಾಕುತ್ತೀಯೋ, ಬಿಡಿ ಗುಂಪಿಗೋ?" ಹುಡುಗ ನಕ್ಕ. "ಬಿಡಿಗೆ, ಮತ್ತೆಲ್ಲಿಗೆ?" ಎಂದ. ಆಮೇಲೆ ಚೌಕುಳಿ ಪುಸ್ತಕದಲ್ಲಿ ಒಂದು ಮನೆಗೆ ಒಂದೇ ಅಂಕಿ, ಬಲತುದಿಯಿಂದ ಶುರು. ಮೊದಲು ಬರೆದ 102 ತೋರಿಸಿ, "ನಾಲ್ಕು ಕಟ್ಟಿಗೆ ಆರು ಕಡ್ಡಿ ಸೇರಿದರೆ ನೂರು ದಾಟುತ್ತದಾ?" ಎಂದು ಕೇಳಿದರು. ತನ್ನ ಉತ್ತರವನ್ನು ತಾನೇ ಅನುಮಾನಿಸುವುದಕ್ಕೆ ಅಷ್ಟು ಸಾಕಾಯಿತು.

ಹುಡುಗಿಗೂ ಅದೇ ಕಡ್ಡಿ, ಕೆಲಸ ಬೇರೆ. ಏಳು ಬಿಡಿ, ಐದು ಬಿಡಿ ಸೇರಿಸಿದಾಗ ಹನ್ನೆರಡಾಯಿತು. ಹತ್ತನ್ನು ಎಣಿಸಿ ಅವಳೇ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿನ ಗುಂಪಿಗೆ ದಾಟಿಸಿದಳು. ದಾಟಿಸಿದ ಕೂಡಲೇ, ಬಿಡಿಯ ಉತ್ತರ ಬರೆಯುವ ಮೊದಲೇ, ಹತ್ತರ ಸಾಲಿನ ತಲೆಯ ಮೇಲೆ ಸಣ್ಣ 1 ಬರೆಯಬೇಕು. ಈ ಕ್ರಮ ಮುಖ್ಯ. ಮೊದಲು 2 ಬರೆದರೆ ಕೆಲಸ ಮುಗಿದಂತೆ ಅನ್ನಿಸಿ 1 ಉಳಿದುಹೋಗುತ್ತದೆ. ಹನ್ನೆರಡು ಎನ್ನುವ ಹೆಸರಿನಲ್ಲೇ ಹತ್ತೂ ಎರಡೂ ಅಡಗಿರುವುದರಿಂದ ಬಾಯಲ್ಲಿ ಹೇಳಿಸುವುದೂ ಸುಲಭ.

ಕೆಲವು ಹಾಳೆಗಳಲ್ಲಿ ಆ 1 ಬರೆಯಲು ಸಣ್ಣ ಚೌಕ ಅಚ್ಚು ಹಾಕಿರುತ್ತಾರೆ. ಮೊದಲ ಎರಡು ದಿನ ಅದು ಒಳ್ಳೆಯದೇ. ಆದರೆ ಎಲ್ಲ ಲೆಕ್ಕಕ್ಕೂ ಚೌಕ ಇದ್ದರೆ ಮಗು ಬೇಕಿರಲಿ ಬೇಡದಿರಲಿ ಅದನ್ನು ತುಂಬುತ್ತದೆ, 23 + 14 ಕ್ಕೆ 47 ಎಂದು ಬರೆಯುತ್ತದೆ. ಹತ್ತು ಜಾಸ್ತಿ ಬಂದರೆ ಇದನ್ನೇ ಅನುಮಾನಿಸಿ. ಕಂಬಸಾಲಾಗಿಯೇ ಅಚ್ಚು ಹಾಕಿದ ಹಾಳೆಯಲ್ಲೂ ಅಂಥದ್ದೇ ತೊಂದರೆ. ಅಂಕಿಗಳನ್ನು ನಾವೇ ಸರಿಯಾಗಿ ನಿಲ್ಲಿಸಿಕೊಟ್ಟಿರುವುದರಿಂದ ಈ ಹುಡುಗನಂಥವರ ತಪ್ಪು ಅಲ್ಲಿ ಕಾಣಿಸುವುದೇ ಇಲ್ಲ. ಅಡ್ಡಸಾಲಿನಲ್ಲಿ ಕೊಟ್ಟು, ಮಗುವೇ ಕೆಳಗೆ ಬರೆದುಕೊಳ್ಳಲಿ.

ಲೆಕ್ಕ ಆರಿಸುವುದರಲ್ಲೂ ಒಂದು ಸೂಕ್ಷ್ಮ ಇದೆ. ಕೆಲವು ಮಕ್ಕಳು 27 + 15 ರಲ್ಲಿ ಹನ್ನೆರಡರ 1 ಕೆಳಗೆ ಬರೆದು 2 ಮೇಲಿಡುತ್ತಾರೆ, ಉತ್ತರ 51 ಆಗುತ್ತದೆ. ಅದೇ 26 + 15 ಕೊಟ್ಟರೆ ಬಿಡಿಯ ಮೊತ್ತ 11. ಯಾವ 1 ಕೆಳಗೆ, ಯಾವ 1 ಮೇಲೆ ಎಂದು ಯಾರಿಗೂ ಗೊತ್ತಾಗುವುದಿಲ್ಲ, ತಲೆಕೆಳಗು ಮಾಡಿದರೂ 41 ಬಂದು ಸರಿ ಗುರುತು ಬೀಳುತ್ತದೆ. ಹನ್ನೊಂದು ಬರುವ ಲೆಕ್ಕವನ್ನು ತಪ್ಪು ಹುಡುಕುವ ಹಾಳೆಯಲ್ಲಿ ಇಡಬಾರದು. ಇನ್ನು 312 ಎಂದು ಬರೆಯುವ ಮಗು ಹನ್ನೆರಡನ್ನು ಕಳೆದುಕೊಂಡಿಲ್ಲ, ಇಡಲು ಜಾಗ ಗೊತ್ತಾಗದೆ ಎರಡಂಕಿಯನ್ನೂ ಒಂದೇ ಮನೆಗೆ ತುರುಕಿದೆ, ಅಷ್ಟೇ.

ಇಷ್ಟೆಲ್ಲ ಆದ ಮೇಲೂ ಒಂದು ತಪ್ಪು ನೋಡಿ ತೀರ್ಮಾನಕ್ಕೆ ಬರಬೇಡಿ. ಒಂದೇ ಕಡೆ ತಪ್ಪಿದ್ದರೆ ಅದು ಗಮನ ತಪ್ಪಿದ್ದಿರಬಹುದು. ಒಂದೇ ಬಗೆಯದು ಮೂರು ಸಲ ಬಂದರೆ ಮಗುವಿಗೆ ಅದೇ ನಿಯಮ. ಸಂಶಯವಿದ್ದರೆ "ಹೇಗೆ ಮಾಡಿದೆ, ಹೇಳು ಮಗ" ಎಂದು ಕೇಳಿ.

ಆ ಅಮ್ಮನಿಗೆ ಅತ್ತಿಗೆ ಹೇಳಿದ್ದು ಇಷ್ಟೇ: "ಅವನಿಗೆ ಕೂಡಿಸಲು ಬರುತ್ತದೆ. ಒಂದಂಕಿ ಎಲ್ಲಿ ನಿಲ್ಲಬೇಕೆಂದು ಮಾತ್ರ ಗೊತ್ತಿರಲಿಲ್ಲ. ಮನೆಯಲ್ಲಿ ದಿನಾ ಎರಡು ಲೆಕ್ಕ ಸಾಕು, ಎರಡರಲ್ಲೂ ಒಂದಂಕಿ ಇರಲಿ."