ಐದು ಕವಿತೆ, ಒಂದು ಲಕೋಟೆ

ಸಾಹಿತ್ಯ ಪತ್ರಿಕೆಗೆ ಕವಿತೆ ಕಳಿಸೋದು ಅಂದ್ರೆ ಚೆನ್ನಾಗಿರೋ ಐದನ್ನು ಆರಿಸಿ ಇಮೇಲ್‌ಗೆ ಅಂಟಿಸೋದು ಅಂತಲೇ ಹೆಚ್ಚಿನವರು ತಿಳಿದಿರ್ತಾರೆ. ಆದರೆ ಸಂಪಾದಕರು ಆ ಐದನ್ನು ಬಿಡಿಬಿಡಿಯಾಗಿ ಓದೋದಿಲ್ಲ. ಒಂದು ಮುಗಿದ ಕೂಡಲೇ ಇನ್ನೊಂದು, ಅದರ ಬೆನ್ನಿಗೆ ಮತ್ತೊಂದು. ಮೊದಲನೆಯದರ ರುಚಿ ನಾಲಿಗೆಯ ಮೇಲೆ ಇರುವಾಗಲೇ ಎರಡನೆಯದು ಬಾಯಿಗೆ ಬರುತ್ತೆ. ಹಾಗಾಗಿ ಯಾವುದನ್ನು ಕಳಿಸ್ತೀವಿ ಅನ್ನೋದರಷ್ಟೇ, ಯಾವುದರ ಪಕ್ಕ ಯಾವುದನ್ನು ಇಡ್ತೀವಿ ಅನ್ನೋದೂ ಲೆಕ್ಕಕ್ಕೆ ಬರುತ್ತೆ.

ಎಲ್ಲಿಗೆ ಕಳಿಸ್ತೀವಿ ಅನ್ನೋದು ಮೊದಲ ಪ್ರಶ್ನೆ. ಭಾನುವಾರದ ಪುರವಣಿಯಲ್ಲೋ ವಾರಪತ್ರಿಕೆಯಲ್ಲೋ ಸಾಮಾನ್ಯವಾಗಿ ಒಬ್ಬ ಕವಿಯ ಒಂದೇ ಕವಿತೆ ಬರುತ್ತೆ. ಅಲ್ಲಿಗೆ ಒಂದೆರಡು ಕಳಿಸಿದರೆ ಸಾಕು. ಗೋಪಾಲಕೃಷ್ಣ ಅಡಿಗರು 1962ರಲ್ಲಿ ಶುರುಮಾಡಿದ ‘ಸಾಕ್ಷಿ’ಯಿಂದ ವಿವೇಕ ಶಾನಭಾಗರು 2005ರಲ್ಲಿ ಆರಂಭಿಸಿದ ‘ದೇಶ ಕಾಲ’ದವರೆಗೆ ಕನ್ನಡದಲ್ಲಿ ಸಾಹಿತ್ಯಕ್ಕಂತಲೇ ಇದ್ದ ಪತ್ರಿಕೆಗಳ ಸಾಲೇ ಬೇರೆ. ಅಂಥ ಕಡೆ ಒಬ್ಬರ ಎರಡು ಮೂರು ಕವಿತೆಗಳು ಒಟ್ಟಿಗೆ ಅಚ್ಚಾಗುವ ಸಾಧ್ಯತೆ ಇರುತ್ತೆ, ಒಂದು ಗೊಂಚಲು ಕಳಿಸೋದಕ್ಕೆ ಅರ್ಥವೂ ಇರುತ್ತೆ. ನಾನು ಈ ಸಲ ಕಳಿಸಿದ್ದು ಅಂಥದ್ದೇ ಒಂದು ತ್ರೈಮಾಸಿಕಕ್ಕೆ. ಮೂರು ವರ್ಷದಲ್ಲಿ ಬರೆದದ್ದು ಹತ್ತೊಂಬತ್ತು ಕವಿತೆ. ಹೋಗಬೇಕಾದದ್ದು ಐದು.

ಮೊದಲು ತೆಗೆದದ್ದು ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದ ನಾಲ್ಕನ್ನು. ಅಲ್ಲಿ ಬಂದದ್ದನ್ನೂ ಪ್ರಕಟವಾದದ್ದು ಅಂತಲೇ ಎಣಿಸುವ ಪತ್ರಿಕೆಗಳು ಬಹಳ. ಲೈಕು ಎಷ್ಟೇ ಬಂದಿರಲಿ, ಅವು ಹೊರಗೆ. ಆಮೇಲೆ ಎಂಬತ್ತನಾಲ್ಕು ಸಾಲಿನ ಒಂದು ಉದ್ದದ ಕವಿತೆ. ಅದಕ್ಕೆ ಎರಡು ಮೂರು ಪುಟ ಬೇಕು. ಹೆಸರು ಕೇಳದ ಕವಿಗೆ ಅಷ್ಟು ಜಾಗ ಕೊಡಬೇಕಾದರೆ ಸಂಪಾದಕರು ಬೇರೆ ಇಬ್ಬರನ್ನು ಬಿಡಬೇಕು. ಅದನ್ನೂ ಎತ್ತಿಟ್ಟೆ.

ಉಳಿದ ಹದಿನಾಲ್ಕನ್ನು ಪ್ರಿಂಟ್ ತೆಗೆದು, ಬಾಗಿಲು ಹಾಕ್ಕೊಂಡು ಜೋರಾಗಿ ಓದಿದೆ. ಮನಸ್ಸಿನಲ್ಲೇ ಓದುವಾಗ ಕಣ್ಣು ಹಾರಿಸಿಬಿಡುವ ಜಾಗಗಳಲ್ಲಿ ನಾಲಿಗೆ ತಡವರಿಸುತ್ತೆ. ನನಗೆ ಎದ್ದು ಕಂಡದ್ದು ಕೊನೆಗಳು. ಐದಾರು ಕವಿತೆಗಳಲ್ಲಿ ಚಿತ್ರ ಮುಗಿದ ಮೇಲೂ ಎರಡು ಸಾಲು ಉಳಿದು, ‘ಇದರರ್ಥ ಇಷ್ಟೇ ಕಣ್ರಿ’ ಅಂತ ವಿವರಿಸ್ತಾ ನಿಂತಿದ್ದವು. ಇದನ್ನು ಪತ್ತೆಹಚ್ಚೋದು ಸುಲಭ: ಕೊನೆಯ ಎರಡು ಸಾಲನ್ನು ಕೈಯಿಂದ ಮುಚ್ಚಿ ಓದಬೇಕು. ಕವಿತೆ ಮುಗಿಯಿತು ಅನ್ನಿಸಿದರೆ ಆ ಸಾಲು ಬೇಡ. ಅರ್ಧಕ್ಕೆ ನಿಂತಂತಾದರೆ ಬೇಕು. ಎರಡು ಕವಿತೆ ಹೀಗೆ ಕತ್ತರಿಸಿದ ಮೇಲೆ ಗಟ್ಟಿಯಾದವು. ಆರು ಕವಿತೆಗಳಲ್ಲಿ ಆ ಸಾಲು ತೆಗೆದರೂ ಇಟ್ಟರೂ ಏನೂ ಬದಲಾಗಲಿಲ್ಲ. ಅವು ಇನ್ನೂ ಆಗಿಲ್ಲ ಅಂತ ಅರ್ಥ. ಎಂಟು ಉಳಿದವು.

ಎಂಟರಲ್ಲಿ ಐದು ಆರಿಸೋದೇ ಕಷ್ಟದ ಭಾಗ. ಎಂಟನ್ನೂ ಒಂದೇ ಫೈಲಿಗೆ ಹಾಕಿ, ಪದಗಳನ್ನು ಒಂದೊಂದಾಗಿ ಹುಡುಕಿದೆ. ‘ಕಿಟಕಿ’ ಐದು ಕಡೆ. ‘ಮೌನ’ ಆರು ಕಡೆ. ಒಂದೊಂದೇ ಕವಿತೆಯಲ್ಲಿ ನೋಡಿದರೆ ಪ್ರತಿ ಕಿಟಕಿಯೂ ಅಲ್ಲಿರಬೇಕಾದದ್ದೇ. ಆದರೆ ಐದನ್ನೂ ಒಂದೇ ಉಸಿರಿಗೆ ಓದುವವರಿಗೆ ಮೂರನೇ ಕಿಟಕಿ ಬಂದ ಕೂಡಲೇ ಇದು ಈ ಕವಿಯ ಅಭ್ಯಾಸ ಅಂತ ಗೊತ್ತಾಗಿಬಿಡುತ್ತೆ. ಆಮೇಲೆ ಮೊದಲನೇ ಕಿಟಕಿಯ ಬೆಲೆಯೂ ಇಳಿಯುತ್ತೆ. ಹಾಗಾಗಿ ಮಳೆಯ ಬಗ್ಗೆ ಇದ್ದ ಎರಡು ಕವಿತೆಗಳು ಹೋದವು. ಎರಡರಲ್ಲೂ ಯಾರೋ ಕಿಟಕಿ ಪಕ್ಕ ಸುಮ್ಮನೆ ನಿಂತಿದ್ದರು.

‘ಹಂಡೆ’ ಅನ್ನೋ ಕವಿತೆ ಹೋದದ್ದು ಇನ್ನೊಂದು ಕಾರಣಕ್ಕೆ. ಅದರಲ್ಲಿ ತಪ್ಪು ಹುಡುಕೋಕೆ ಏನಿಲ್ಲ. ಆದರೆ ‘ಪಾಲು’ ಅನ್ನೋ ಕವಿತೆಯೂ ಅದೇ ಅಜ್ಜನ ಮನೆಯದು. ಹಂಡೆಯಲ್ಲಿ ಖಾಲಿ ಬಚ್ಚಲುಮನೆ, ಪಾಲಿನಲ್ಲಿ ಜಮೀನು ಹಂಚಿಕೊಂಡ ಮೇಲೂ ಯಾರ ಪಾಲಿಗೂ ಸೇರದೆ ಉಳಿದ ಬಾವಿ. ಎರಡನ್ನೂ ಒಟ್ಟಿಗಿಟ್ಟರೆ ಹಳೇ ಮನೆ ನೆನೆದು ಕೊರಗುವ ಕವಿ ಅನ್ನೋ ಚೀಟಿ ಹಣೆಗೆ ಅಂಟುತ್ತೆ. ಬಾವಿಯಲ್ಲಿ ಜಗಳವಿತ್ತು, ಹಂಡೆಯಲ್ಲಿ ಬರೀ ನೆನಪಿತ್ತು. ಜಗಳವನ್ನು ಇಟ್ಟುಕೊಂಡೆ.

ಉಳಿದ ಐದು ಇವು. ‘ಅಳತೆ’ಯಲ್ಲಿ ಟೈಲರ್ ಅಮ್ಮನ ರವಿಕೆಗೆ ಅಳತೆ ತಗೊಂಡು, ಹೋದ ವರ್ಷಕ್ಕಿಂತ ಕಡಿಮೆಯಾದ ಅಂಕಿಯನ್ನು ಏನೂ ಹೇಳದೆ ಪುಸ್ತಕದಲ್ಲಿ ಬರೆದುಕೊಳ್ತಾಳೆ. ‘ನೋಟಿಸ್ ಪೀರಿಯಡ್’ ಕೆಲಸ ಬಿಟ್ಟವನ ಅರವತ್ತು ದಿನದ ಲಘು ಕವಿತೆ. ಮೂರನೆಯದು ‘ಪಾಲು’. ‘ಕೊನೆಯ ಮೆಟ್ರೊ’ದಲ್ಲಿ ರಾತ್ರಿ ತೂಕಡಿಸುವ ಒಬ್ಬ ಸೆಕ್ಯೂರಿಟಿ ಗಾರ್ಡ್, ಹನ್ನೆರಡೇ ಸಾಲು. ಐದನೆಯದು ‘ಅಕ್ಕನ ಬೀರು’.

ಆ ಐದನೆಯದನ್ನು ಕಳಿಸುವ ಮುಂಚೆ ಅಕ್ಕನಿಗೆ ಓದಬೇಕಿತ್ತು. ಮದುವೆಯಲ್ಲಿ ಕೊಟ್ಟ ಗಾಡ್ರೆಜ್ ಬೀರು ಏಳು ವರ್ಷದ ಮೇಲೆ ಟೆಂಪೊದಲ್ಲಿ ತವರಿಗೆ ವಾಪಸ್ ಬಂದ ಕತೆ ಅದು. ಹೆಸರಿಲ್ಲ, ಊರಿಲ್ಲ. ಆದರೆ ನಮ್ಮ ಬೀದಿಯಲ್ಲಿ ಆ ಟೆಂಪೊ ನೋಡದವರು ಯಾರೂ ಇಲ್ಲ. ಐದರಲ್ಲಿ ಅದೇ ಗಟ್ಟಿ ಕವಿತೆ ಅಂತ ನನಗೆ ಗೊತ್ತಿತ್ತು. ಅವಳು ಬೇಡ ಅಂದರೆ ಅದು ಹೋಗೋದಿಲ್ಲ ಅಂತಲೂ ಗೊತ್ತಿತ್ತು. ಫೋನಿನಲ್ಲಿ ಓದಿ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಆ ಕಡೆಯಿಂದ ಕುಕ್ಕರ್ ಸದ್ದು ಮಾತ್ರ.

“ಆ ಒಳಗಿನ ಲಾಕರಿನ ಸಾಲು ತೆಗಿಯೇ,” ಅಂದಳು. “ಉಳಿದದ್ದೆಲ್ಲ ನಿಂದು. ಅದೊಂದು ನಂದು.”

“ಅದು ತೆಗೆದ್ರೆ ಏನಾಯ್ತು ಅಂತ ಯಾರಿಗೂ ಗೊತ್ತಾಗಲ್ಲ ಕಣೇ.”

“ಗೊತ್ತಾಗೋದು ಬೇಡ.”

ತೆಗೆದೆ. ಲಾಕರಿನ ಆ ಒಂದು ಸಾಲು ಹೋದಾಗ, ಅದಕ್ಕೆ ತಯಾರಿ ಮಾಡಿದ್ದ ಹಿಂದಿನ ಎರಡು ಸಾಲುಗಳಿಗೂ ಕೆಲಸವಿಲ್ಲದಂತಾಯ್ತು. ಅವೂ ಹೋದವು. ಈಗ ಟೆಂಪೊದಿಂದ ಇಳಿಸಿದ ಬೀರು ನೇರವಾಗಿ ಜಗಲಿಗೆ ಬಂದು ನಿಲ್ಲುತ್ತೆ, ಯಾರೂ ಅದನ್ನು ತೆರೆಯೋದಿಲ್ಲ. ಕವಿತೆ ಮೊದಲಿಗಿಂತ ಚೆನ್ನಾಯ್ತು ಅಂತ ನಾನು ಹೇಳಲಾರೆ. ಬೇರೆಯಾಯ್ತು. ಅದರಲ್ಲಿ ಈಗ ಒಂದು ಬೀಗ ಇದೆ.

ಇನ್ನು ಸಾಲಾಗಿ ಇಡೋದು. ಐದೂ ಹಾಳೆಗಳನ್ನು ನೆಲದ ಮೇಲೆ ಹರಡಿಕೊಂಡು, ಪ್ರತಿ ಕವಿತೆಯ ಕೊನೆಯ ಸಾಲನ್ನು ಮುಂದಿನದರ ಮೊದಲ ಸಾಲಿನ ಜೊತೆ ಸೇರಿಸಿ ಓದ್ತಾ ಹೋದೆ. ಕೀಲು ಸರಿಯಾಗಿ ಕೂತಿದೆಯಾ ಅನ್ನೋದು ಅಲ್ಲೇ ಗೊತ್ತಾಗೋದು.

ಗಟ್ಟಿ ಕವಿತೆಯನ್ನೇ ಮೊದಲು ಇಡಬೇಕು ಅನ್ನೋ ಮಾತಿದೆ. ಇಟ್ಟು ನೋಡಿದೆ. ಬೀರು ಮೊದಲು, ನೋಟಿಸ್ ಪೀರಿಯಡ್ ಎರಡನೆಯದು. ಬೀರು ಜಗಲಿಯಲ್ಲಿ ನಿಂತ ಮರುಕ್ಷಣವೇ ಆಫೀಸಿನ ತಮಾಷೆ ಶುರುವಾಯ್ತು. ಸಾವಿನ ಮನೆಗೆ ಬಂದವರು ಟ್ರಾಫಿಕ್ ಬಗ್ಗೆ ಜೋಕ್ ಹೇಳಿದ ಹಾಗಿತ್ತು. ತಮಾಷೆ ಭಾರಕ್ಕಿಂತ ಮುಂಚೆ ಬರಬಹುದು. ಬೆನ್ನಿಗೇ ಬಂದರೆ ಎರಡೂ ಕೆಡುತ್ತವೆ. ಮೆಟ್ರೊವನ್ನು ಪಾಲಿನ ಪಕ್ಕ ಇಟ್ಟರೆ ಇನ್ನೊಂದು ತೊಡಕು. ಪಾಲು ಮುಗಿಯೋದು ಬಾವಿಯ ಕತ್ತಲಲ್ಲಿ, ಮೆಟ್ರೊ ಶುರುವಾಗೋದು ಸುರಂಗದಲ್ಲಿ. ಎರಡು ಕತ್ತಲೆ ಸೇರಿ ಒಂದೇ ಆಗಿಬಿಟ್ಟವು.

ಕೊನೆಗೆ ಕೂತದ್ದು ಹೀಗೆ. ಮೊದಲು ಅಳತೆ, ಯಾಕೆಂದರೆ ಅದಕ್ಕೆ ಪೀಠಿಕೆ ಬೇಡ. ಮೊದಲ ಸಾಲಿನಲ್ಲೇ ಟೇಪು ಬಿಚ್ಚಿಕೊಳ್ಳುತ್ತೆ. ಅದು ಒಂದು ಅಂಕಿಯಲ್ಲಿ ಮುಗಿಯುತ್ತೆ, ನೋಟಿಸ್ ಪೀರಿಯಡ್ ‘ಅರವತ್ತು’ ಅನ್ನೋ ಅಂಕಿಯಿಂದಲೇ ಶುರುವಾಗುತ್ತೆ, ಹಾಗಾಗಿ ಅದು ಎರಡನೆಯದು. ಮೂರನೆಯದು ಪಾಲು. ಅದರ ಕೊನೆಯಲ್ಲಿ ಬಾವಿ ಕದಲದೆ ನಿಂತಿರುತ್ತೆ, ನಾಲ್ಕನೆಯ ಬೀರುವಿನ ಮೊದಲ ಸಾಲಿನಲ್ಲೇ ಟೆಂಪೊ ಬರುತ್ತೆ. ನಿಂತದ್ದರ ಪಕ್ಕ ಚಲಿಸುವುದು. ಕೊನೆಗೆ ಮೆಟ್ರೊ. ಐದರಲ್ಲಿ ‘ನಾನು’ ಇಲ್ಲದ ಕವಿತೆ ಅದೊಂದೇ. ಬೀರುವಿನ ನಂತರ ಓದುವವರಿಗೆ ನಮ್ಮ ಮನೆಯಿಂದ ಹೊರಗೆ ಬರೋಕೆ ಒಂದು ಬಾಗಿಲು ಬೇಕಿತ್ತು.

ಇಷ್ಟೆಲ್ಲ ಮಾಡಿ ಕೊನೆಯಲ್ಲಿ ಫೈಲು ಕೆಡಿಸಬಾರದು. ಹಳೇ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಳ್ಳುತ್ತೆ, ಅದಕ್ಕೇ ಯುನಿಕೋಡ್ ಬೇಕು. ಫೋನಿನಲ್ಲಿ ಓದುವಾಗ ಉದ್ದದ ಸಾಲು ಮಡಚಿ ಎರಡಾಗುತ್ತೆ. ಕವಿ ಮುರಿದ ಸಾಲು ಯಾವುದು, ಫೋನು ಮುರಿದದ್ದು ಯಾವುದು ಅಂತ ಸಂಪಾದಕರಿಗೆ ತಿಳಿಯೋಕೆ ವರ್ಡ್ ಫೈಲಿನ ಜೊತೆ ಪಿಡಿಎಫ್ ಕೂಡ ಇಡೋದು ಒಳ್ಳೆಯದು. ಪ್ರತಿ ಕವಿತೆ ಹೊಸ ಪುಟದಲ್ಲಿರಲಿ. ಪತ್ರಿಕೆಗಾದರೆ ಹೆಸರು ಹಾಕಬಹುದು. ವಿಶೇಷಾಂಕದ ಸ್ಪರ್ಧೆಗಾದರೆ ಕವಿತೆಯ ಹಾಳೆಯಲ್ಲಿ ಹೆಸರು ಬರಬಾರದು ಅನ್ನೋ ನಿಯಮ ಇರುತ್ತೆ, ಮೊದಲೇ ಓದಿಕೊಳ್ಳಬೇಕು. ಜೊತೆಗಿನ ಪತ್ರ ನಾಲ್ಕು ಸಾಲು ಸಾಕು. ಕವಿತೆಗಳು ಏನು ಹೇಳ್ತಿವೆ ಅಂತ ಅದರಲ್ಲಿ ಬರೆಯೋದು, ಕೈಯಿಂದ ಮುಚ್ಚಿ ತೆಗೆದ ಆ ಎರಡು ಸಾಲನ್ನು ಮತ್ತೆ ಅಂಟಿಸಿದ ಹಾಗೆ.

ನಾಲ್ಕು ತಿಂಗಳ ಮೇಲೆ ಉತ್ತರ ಬಂತು. ‘ಕೊನೆಯ ಮೆಟ್ರೊ’ ಒಂದನ್ನು ತಗೊಂಡಿದ್ದರು. ಹೊರಗೆ ಬರೋಕೆ ಅಂತ ಇಟ್ಟ ಬಾಗಿಲೇ ಹೋಯ್ತು. ಉಳಿದ ನಾಲ್ಕನ್ನು ಹಾಗೇ ಇನ್ನೊಂದು ಪತ್ರಿಕೆಗೆ ತಳ್ಳೋಕಾಗೋದಿಲ್ಲ, ಬೀರು ಕೊನೆಗೆ ಬಂದು ನಿಲ್ಲುತ್ತೆ. ಮತ್ತೆ ನೆಲದ ಮೇಲೆ ಹರಡಿಕೊಂಡೆ. ಈಗ ಪಾಲು ಮೊದಲು, ನೋಟಿಸ್ ಪೀರಿಯಡ್ ಎರಡನೆಯದು, ಮೂರನೆಯದು ಬೀರು, ಕೊನೆಗೆ ಅಳತೆ. ಬೀರುವಿನ ಪಕ್ಕ ಬಂದಮೇಲೆ ಅಳತೆಯ ಆ ಟೈಲರ್ ಬೇರೆಯವಳೇ ಆದಳು. ಅಂಕಿ ನೋಡಿಯೂ ಬಾಯಿಬಿಡದೆ ಬರೆದುಕೊಳ್ಳುವ ಅವಳು, ಈಗ ಅಕ್ಕನ ಕಡೆಯವಳ ಹಾಗೆ ಕಾಣ್ತಾಳೆ.