ಇಪ್ಪತ್ತೇಳು ಸಾಲು

ನಮ್ಮ ಮನೆಯ ಸಾಲಕ್ಕೆ ಬ್ಯಾಂಕು ಕೊಟ್ಟ ಮರುಪಾವತಿ ಪಟ್ಟಿಯಲ್ಲಿ 180 ಸಾಲುಗಳಿವೆ. ತಿಂಗಳಿಗೊಂದು ಸಾಲಿನಂತೆ ಹದಿನೈದು ವರ್ಷ. ಬ್ಯಾಂಕಿನವರು ಅದನ್ನು ಅಮಾರ್ಟೈಸೇಶನ್ ಶೆಡ್ಯೂಲ್ ಅನ್ನುತ್ತಾರೆ, ನಮ್ಮಪ್ಪ 'ಆ ಉದ್ದನ್ನ ಹಾಳಿ' ಅನ್ನುತ್ತಾರೆ. ಇತಿಹಾಸದ ವಿದ್ಯಾರ್ಥಿಯಾದ ನನಗೆ ಹಳೆಯ ಲೆಕ್ಕದ ಪುಸ್ತಕಗಳನ್ನು ಓದುವುದು ದಿನದ ಕೆಲಸ. ಆದರೆ ಅಲ್ಲಿ ಸಿಗುವುದೆಲ್ಲ ಆಗಿಹೋದ ಲೆಕ್ಕ. ಈ ಹಾಳೆ ಇನ್ನೂ ಆಗಬೇಕಾದದ್ದನ್ನು ತಿಂಗಳು ತಿಂಗಳಾಗಿ ಬರೆದಿಟ್ಟಿದೆ, ಅಪ್ಪನ ವಯಸ್ಸು ಎಷ್ಟಾದಾಗ ಎಷ್ಟು ಬಾಕಿ ಎಂಬುದನ್ನೂ ಸೇರಿಸಿ.

ಅಪ್ಪ ಸರ್ಕಾರಿ ಹೈಸ್ಕೂಲಿನ ಮೇಷ್ಟ್ರು. ಐವತ್ತು ತುಂಬಿದ ತಿಂಗಳು 20 ಲಕ್ಷ ಸಾಲ ತೆಗೆದರು, ಶೇಕಡಾ 8.5ರ ಬದಲಾಗುವ ಬಡ್ಡಿಗೆ. ತಿಂಗಳ ಕಂತು 19,695 ರೂಪಾಯಿ. ನಿವೃತ್ತಿ ಅರವತ್ತಕ್ಕೆ, ಅಂದರೆ ಪಟ್ಟಿಯ 120ನೆಯ ಸಾಲಿಗೆ. ಆ ಸಾಲಿನ ಮುಂದಿರುವ ಬಾಕಿ ಸುಮಾರು 9 ಲಕ್ಷ 60 ಸಾವಿರ. ಅವಧಿಯ ಮೂರರಲ್ಲಿ ಎರಡು ಪಾಲು ಕಳೆದರೂ ಸಾಲ ಹೆಚ್ಚುಕಡಿಮೆ ಅರ್ಧ ಉಳಿದಿರುತ್ತದೆ. ಉಳಿದ ಅರವತ್ತು ಕಂತು ಪೆನ್ಶನ್ನಿನಲ್ಲಿ ಹೋಗಬೇಕು.

ಹೀಗಾಗುವುದಕ್ಕೆ ಮೋಸವೇನೂ ಕಾರಣವಲ್ಲ. ಪ್ರತಿ ತಿಂಗಳು ಮೊದಲು ಇದ್ದ ಬಾಕಿಯ ಮೇಲೆ ಬಡ್ಡಿ ಹಾಕುತ್ತಾರೆ, ಕಂತಿನಲ್ಲಿ ಅದನ್ನು ಕಳೆದು ಉಳಿದದ್ದು ಮಾತ್ರ ಅಸಲಿಗೆ ಹೋಗುತ್ತದೆ. ಮೊದಲ ತಿಂಗಳ ಬಡ್ಡಿಯೇ 14,167. ಅಸಲಿಗೆ ಹೋದದ್ದು 5,528. ಎರಡು ವರ್ಷ ಒಂದು ತಿಂಗಳೂ ತಪ್ಪದೆ ಒಟ್ಟು 4 ಲಕ್ಷ 72 ಸಾವಿರ ಕಟ್ಟಿದ ಮೇಲೆ ಬಾಕಿ ಇಳಿದದ್ದು 18,55,935ಕ್ಕೆ. ಒಂದೂವರೆ ಲಕ್ಷವೂ ಕಡಿಮೆಯಾಗಿರಲಿಲ್ಲ.

ಹೊತ್ತಿಗೆ ಸರಿಯಾಗಿ ತಿಂಗಳುಗಟ್ಟಲೆ ನಿಂತಿದ್ದ ನನ್ನ ಫೆಲೋಶಿಪ್ ಒಟ್ಟಿಗೆ ಬಂತು. ಸಂಶೋಧನೆ ಮಾಡುವವರಿಗೆ ಈ ಅನುಭವ ಹೊಸದಲ್ಲ. ಬರದಿದ್ದರೆ ಚಹಾಕ್ಕೂ ಬರುವುದಿಲ್ಲ, ಬಂದರೆ ಮಳೆಗಾಲದ ಹಳ್ಳದ ಹಾಗೆ ಬರುತ್ತದೆ. ಅದರಲ್ಲಿ ಎರಡು ಲಕ್ಷವನ್ನು ಸಾಲಕ್ಕೆ ಕಟ್ಟೋಣ ಎಂದೆ. ಕಟ್ಟುವುದರ ಬಗ್ಗೆ ಮನೆಯಲ್ಲಿ ಜಗಳವಿರಲಿಲ್ಲ. ಕಟ್ಟಿದ ಮೇಲೆ ಏನು ಇಳಿಸಬೇಕು ಎಂಬುದರ ಬಗ್ಗೆ ಇತ್ತು.

ಅವ್ವನ ಮಾತು ನೇರವಾಗಿತ್ತು: "ಕಂತು ಇಳಿಸ್ರಿ ಅಂತ ಹೇಳು. ತಿಂಗಳಾ ಎರಡು ಸಾವಿರ ಕೈಯಾಗ ಉಳಿದ್ರ ಕಿರಾಣಿ ಅಂಗಡಿ ಬಾಕಿ ತೀರತದ." ಅವಳ ಎಣಿಕೆ ಸರಿಯಾಗಿಯೇ ಇತ್ತು. ಉಳಿದ 156 ತಿಂಗಳನ್ನು ಹಾಗೇ ಇಟ್ಟುಕೊಂಡರೆ ಕಂತು 17,572ಕ್ಕೆ ಇಳಿಯುತ್ತದೆ, ತಿಂಗಳಿಗೆ 2,122 ರೂಪಾಯಿ ಉಳಿಯುತ್ತದೆ. ಅಪ್ಪ ಏನೂ ಹೇಳದೆ ಹಾಳೆಯ 120ನೆಯ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದರು.

ಎರಡನೆಯ ದಾರಿಯನ್ನು ಅವ್ವನಿಗೆ ಅದೇ ಹಾಳೆಯ ಮೇಲೆ ತೋರಿಸಿದೆ. 25ನೆಯ ಸಾಲಿನಲ್ಲಿ ಅಸಲಿನ ಪಾಲು 6,549. ಅಲ್ಲಿಂದ ಕೆಳಕ್ಕೆ ಅಸಲಿನ ಅಂಕಣವನ್ನಷ್ಟೇ ಕೂಡುತ್ತ ಹೋದರೆ 27 ಸಾಲು ದಾಟಿ 28ನೆಯದರ ಮುಕ್ಕಾಲಿಗೆ ಬಂದಾಗ ಎರಡು ಲಕ್ಷವಾಗುತ್ತದೆ. ಕಂತನ್ನು 19,695 ಆಗಿಯೇ ಇಟ್ಟರೆ ನಮ್ಮ ಎರಡು ಲಕ್ಷ ಆ ಸಾಲುಗಳ ಅಸಲನ್ನು ಈ ದಿನವೇ ತೀರಿಸಿದಂತೆ. ಅವುಗಳ ಎದುರಿಗೆ ಬರೆದಿರುವ ಬಡ್ಡಿಯನ್ನು ಇನ್ನು ಯಾರೂ ಕಟ್ಟಬೇಕಾಗಿಲ್ಲ. ನಾವು 24ನೆಯ ಸಾಲಿನಿಂದ ನೆಗೆದು 52ರ ಹತ್ತಿರ ಇಳಿಯುತ್ತೇವೆ. 156 ಕಂತುಗಳ ಜಾಗದಲ್ಲಿ 129 ಉಳಿಯುತ್ತವೆ, ಕೊನೆಯದು ಬರೀ ಐದು ಸಾವಿರದ್ದು. ಎಕ್ಸೆಲ್ ಇದ್ದವರು ಒಂದೇ ಸಾಲಿನಲ್ಲಿ ನೋಡಬಹುದು:

```
=NPER(8.5%/12, -19695, 1655935)
```

ಉತ್ತರ 128.25. ಕಂತಿನ ಮುಂದೆ ಮೈನಸ್ ಹಾಕುವುದನ್ನು ಬಿಟ್ಟರೆ ಉತ್ತರ ಅಸಂಬದ್ಧವಾಗಿ ಬರುತ್ತದೆ, ಅದೊಂದು ನೆನಪಿರಲಿ.

ಅವಧಿ ಇಳಿಸಿದರೆ ಬಡ್ಡಿಯಲ್ಲಿ ಉಳಿಯುವುದು ಸುಮಾರು 3 ಲಕ್ಷ 46 ಸಾವಿರ, ಕಂತು ಇಳಿಸಿದರೆ 1 ಲಕ್ಷ 31 ಸಾವಿರ. ಈ ಎರಡು ಅಂಕಿ ಇಟ್ಟು ಮೊದಲನೆಯದೇ ಲಾಭ ಎಂದು ಘೋಷಿಸಿಬಿಡುವುದು ಸುಲಭ. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ. ಬಡ್ಡಿಯ ದರ ಎರಡರಲ್ಲೂ ಒಂದೇ. ಅವಧಿ ಇಳಿಸಿದಾಗ ಹೆಚ್ಚು ಉಳಿಯುವುದು ಯಾಕೆಂದರೆ ತಿಂಗಳಾ ಆ 2,122 ರೂಪಾಯಿಯನ್ನು ನಾವು ಸಾಲಕ್ಕೇ ಹಾಕುತ್ತಿರುತ್ತೇವೆ. ಅಂದರೆ ಅವ್ವನ ಕಿರಾಣಿ ದುಡ್ಡೇ ಬಡ್ಡಿ ಉಳಿಸುತ್ತಿರುತ್ತದೆ. ಮನೆ ನಡೆಸುವುದೇ ಕಷ್ಟವಾಗಿರುವವರು ಕಂತು ಇಳಿಸಿಕೊಂಡರೆ ತಪ್ಪೇನಿಲ್ಲ. ನಮ್ಮ ವಿಷಯದಲ್ಲಿ ತೂಕ ಬೇರೆ ಕಡೆ ಇತ್ತು. ಈಗ ಸಂಬಳ ಬರುತ್ತದೆ, ಎಂಟು ವರ್ಷದ ನಂತರ ಬರುವುದಿಲ್ಲ. ಅವಧಿ ಇಳಿಸಿದರೆ ನಿವೃತ್ತಿಯ ತಿಂಗಳ ಬಾಕಿ 9 ಲಕ್ಷ 60 ಸಾವಿರದಿಂದ 5 ಲಕ್ಷ 66 ಸಾವಿರಕ್ಕೆ ಬರುತ್ತದೆ. ಇಂದಿನ ಎರಡು ಲಕ್ಷ ಆ ಹೊತ್ತಿಗೆ ಸುಮಾರು 3 ಲಕ್ಷ 94 ಸಾವಿರದ ಬಾಕಿಯನ್ನು ಅಳಿಸಿರುತ್ತದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಹಂಗ ಮಾಡ್ರಿ, ಅಂಗಡಿಯವಂಗ ನಾ ಹೇಳತೀನಿ" ಅಂದಳು.

ಬ್ಯಾಂಕಿನಲ್ಲಿ ಹಣ ಕಟ್ಟುವುದು ಐದು ನಿಮಿಷದ ಕೆಲಸ. ಎಚ್ಚರವಾಗಿರಬೇಕಾದದ್ದು ಆಮೇಲೆ. ಕಟ್ಟಿದ ಹಣ ಮೂರು ರೀತಿಯಲ್ಲಿ ಜಮೆಯಾಗಬಹುದು: ಅವಧಿ ಇಳಿಯಬಹುದು, ಕಂತು ಇಳಿಯಬಹುದು, ಇಲ್ಲವೇ ಮುಂದಿನ ಹತ್ತು ಕಂತುಗಳ ಮುಂಗಡ ಎಂದು ಸುಮ್ಮನೆ ಕೂರಬಹುದು. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಅದಕ್ಕೇ 'ಭಾಗಶಃ ಮುಂಗಡ ಪಾವತಿ, ಅಸಲಿಗೆ ಜಮಾ ಮಾಡಿ, ಕಂತು ಬದಲಿಸದೆ ಅವಧಿ ಕಡಿಮೆ ಮಾಡಿ' ಎಂದು ಅಪ್ಪನ ಸಹಿ ಹಾಕಿಸಿ ಪತ್ರ ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡೆವು. ಬದಲಾಗುವ ಬಡ್ಡಿಯ ಗೃಹಸಾಲಕ್ಕೆ ಬ್ಯಾಂಕುಗಳು ಮುಂಗಡ ಪಾವತಿಯ ದಂಡ ಹಾಕುವುದನ್ನು ರಿಸರ್ವ್ ಬ್ಯಾಂಕ್ 2012ರಲ್ಲೇ ನಿಲ್ಲಿಸಿದೆ, ಆ ಬಗ್ಗೆ ಮಾತೇ ಬರಲಿಲ್ಲ. ಮುಂದಿನ ತಿಂಗಳ ಸ್ಟೇಟ್‌ಮೆಂಟಿನಲ್ಲಿ ನೋಡಬೇಕಾದದ್ದು ಬಡ್ಡಿಯ ಅಂಕಣ. ಅದು 13,146 ಇದ್ದದ್ದು 11,730ಕ್ಕೆ ಇಳಿದಿತ್ತು, ಕಂತು ಅಷ್ಟೇ ಇತ್ತು. ಹಣ ಅಸಲಿಗೇ ಹೋಗಿದೆ ಎನ್ನಲು ಅಷ್ಟು ಸಾಕು.

ಆದರೆ ಗಳಿಸಿದ 27 ಸಾಲುಗಳಿಗೆ ಬೇಲಿಯಿಲ್ಲ. ಬಡ್ಡಿ ಏರಿದಾಗ ಬ್ಯಾಂಕುಗಳು ಸಾಮಾನ್ಯವಾಗಿ ಕಂತನ್ನು ಮುಟ್ಟದೆ ಅವಧಿಯನ್ನು ಹಿಗ್ಗಿಸುತ್ತವೆ. ಪ್ರತಿ ತಿಂಗಳು ಅದೇ 19,695 ಹೋಗುತ್ತಿರುವುದರಿಂದ ಮನೆಯವರಿಗೆ ಗೊತ್ತೂ ಆಗುವುದಿಲ್ಲ. ನಮ್ಮ ಈಗಿನ ಬಾಕಿಯ ಮೇಲೆ ದರ 8.5ರಿಂದ 9.5 ಆದರೆ 129 ಕಂತು 139 ಆಗುತ್ತದೆ. ಹತ್ತು ಸಾಲು ವಾಪಸು ಹೋದಂತೆ. 2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯ ಪ್ರಕಾರ ದರ ಬದಲಾದಾಗ ಕಂತು ಏರಿಸುವುದೋ ಅವಧಿ ಹಿಗ್ಗಿಸುವುದೋ ಎಂಬ ಆಯ್ಕೆಯನ್ನು ಸಾಲಗಾರನಿಗೆ ಕೊಡಬೇಕು, ಮೂರು ತಿಂಗಳಿಗೊಮ್ಮೆ ಉಳಿದ ಕಂತುಗಳ ಸಂಖ್ಯೆಯನ್ನೂ ತಿಳಿಸಬೇಕು. ಆ ತ್ರೈಮಾಸಿಕ ಕಾಗದದಲ್ಲಿ ನಾನು ಬೇರೇನೂ ಓದುವುದಿಲ್ಲ, ಆ ಒಂದು ಸಂಖ್ಯೆಯನ್ನು ಓದುತ್ತೇನೆ. ಹಿಂದಿನದಕ್ಕಿಂತ ಮೂರು ಕಡಿಮೆ ಇರಬೇಕು.

ಇಷ್ಟಾಗಿಯೂ ಸಾಲ ತೀರುವುದು 153ನೆಯ ತಿಂಗಳಿಗೆ, ನಿವೃತ್ತಿಯಾಗಿ 33 ತಿಂಗಳ ಮೇಲೆ. ಅದನ್ನೂ ಹಿಂದಕ್ಕೆ ಎಳೆದು 120ಕ್ಕೇ ಮುಗಿಸಬೇಕಾದರೆ ಇಂದಿನಿಂದ ಪ್ರತಿ ತಿಂಗಳು 4,138 ರೂಪಾಯಿ ಹೆಚ್ಚು ಹೋಗಬೇಕು, ದರ ಹೀಗೇ ಇದ್ದರೆ. ಫೆಲೋಶಿಪ್ ಬಂದ ತಿಂಗಳು ನಾನು ಕಳಿಸುತ್ತೇನೆ, ಬಾರದ ತಿಂಗಳು ಇಲ್ಲ. ತಪ್ಪಿದ ತಿಂಗಳುಗಳದ್ದನ್ನು ಬಡ್ಡಿ ಸೇರಿಸಿ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟುಕೊಂಡಿದ್ದೇನೆ. ನನ್ನ ಫೆಲೋಶಿಪ್ಪಿಗೆ ಇನ್ನು ಹದಿನಾಲ್ಕು ತಿಂಗಳಿದೆ.