‘ಯಾರೂ ಅಧ್ಯಯನ ಮಾಡಿಲ್ಲ’ ಎಂದು ಬರೆದು ಸಿಕ್ಕಿಬಿದ್ದ ಕಥೆ

ನಮ್ಮ ಸಂಶೋಧನಾ ಪ್ರಸ್ತಾವನೆ ಮೊದಲ ಸಲ ವಾಪಸ್ ಬಂದಾಗ ಎರಡನೇ ಪುಟದ ಒಂದೇ ಒಂದು ವಾಕ್ಯದ ಕೆಳಗೆ ಕೆಂಪು ಗೆರೆ ಎಳೆದಿದ್ದರು. ‘ಕರ್ನಾಟಕದ ತಾಲ್ಲೂಕು ಮಟ್ಟದ ಸ್ಟ್ರಿಂಗರ್‌ಗಳ ಬಗ್ಗೆ ಇದುವರೆಗೆ ಯಾವುದೇ ಅಧ್ಯಯನ ನಡೆದಿಲ್ಲ’ ಎನ್ನುವ ವಾಕ್ಯ ಅದು. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಎರಡು ಪ್ರಶ್ನೆ: ‘ಎಲ್ಲಿ ಹುಡುಕಿದಿರಿ? ನಡೆಯದಿದ್ದರೆ ಏನು ನಷ್ಟ?’

ನಾವು ಮೂವರು. ಡಿಪ್ಲೊಮಾ ಒಂದೇ ಬ್ಯಾಚಿನಲ್ಲಿ ಮುಗಿಸಿ ಈಗ ಅಕ್ಕಪಕ್ಕದ ತಾಲ್ಲೂಕುಗಳಿಂದ ಸುದ್ದಿ ಕಳಿಸುವವರು. ಒಂದು ಸಣ್ಣ ಫೆಲೋಶಿಪ್‌ಗೆ ಅರ್ಜಿ ಹಾಕಿದ್ದೆವು. ವಿಷಯ ನಮ್ಮದೇ ಹೊಟ್ಟೆಪಾಡು: ಜಾಹೀರಾತು ತಂದುಕೊಡುವ ಕೆಲಸವೂ ಸುದ್ದಿ ಬರೆಯುವ ಕೆಲಸವೂ ಒಬ್ಬನದೇ ಆದಾಗ ಯಾವ ಸುದ್ದಿ ಬರೆಯದೇ ಉಳಿಯುತ್ತದೆ? ದಸರಾ ವಿಶೇಷ ಪುಟಕ್ಕೆ ಅರ್ಧ ಪುಟ ಜಾಹೀರಾತು ಕೊಟ್ಟವರ ಕಲ್ಲು ಕ್ವಾರಿಯ ಬಗ್ಗೆ ಊರಿನವರು ದೂರು ಹೇಳಲು ಬಂದ ದಿನ ನಮ್ಮಲ್ಲೊಬ್ಬರು ಫೋನ್ ತೆಗೆಯಲಿಲ್ಲ. ಅದನ್ನೇ ಪ್ರಸ್ತಾವನೆಯ ಮೊದಲ ಪುಟ ತುಂಬ ಬರೆದಿದ್ದೆವು. ಮನಸ್ಸಿಗೆ ನಾಟುವಂತೆಯೇ ಇತ್ತು. ಆದರೆ ಓದಿದವರ ಮುಂದೆ ಅದು ದೂರಾಗಿತ್ತೇ ಹೊರತು ಸಂಶೋಧನಾ ಸಮಸ್ಯೆ ಆಗಿರಲಿಲ್ಲ.

ಮೊದಲು ಸಿಟ್ಟು ಬಂತು. ಆಮೇಲೆ ಪುಸ್ತಕ ಹುಡುಕಲು ಕೂತೆವು. ‘ಯಾರೂ ಮಾಡಿಲ್ಲ’ ಎಂದು ಬರೆಯುವಾಗ ನಾವು ಹುಡುಕಿದ್ದು ಮೊಬೈಲ್‌ನಲ್ಲಿ ಎರಡು ಪದ, ಅಷ್ಟೆ. ಸರಿಯಾಗಿ ಹುಡುಕಿದಾಗ ಸಿಕ್ಕಿದ್ದೇನು? ರಾಬಿನ್ ಜೆಫ್ರಿ ಅವರು 2000ದಲ್ಲಿ ಪ್ರಕಟಿಸಿದ ಪುಸ್ತಕ 1977ರಿಂದ 1999ರವರೆಗೆ ಭಾರತೀಯ ಭಾಷಾ ಪತ್ರಿಕೆಗಳು ಬೆಳೆದ ಕಥೆ ಹೇಳುತ್ತದೆ. ಅದರಲ್ಲಿ ಕನ್ನಡವೂ ಇದೆ. ಜಿಲ್ಲೆಯ ಸುದ್ದಿಗೆ ಪುಟ ಕೊಟ್ಟರೆ ಓದುಗರೂ ಸ್ಥಳೀಯ ಜಾಹೀರಾತೂ ಬರುತ್ತವೆ ಎಂಬುದನ್ನು ತೆಲುಗಿನ ‘ಈನಾಡು’ ಪತ್ರಿಕೆಯ ಉದಾಹರಣೆ ಇಟ್ಟು ಅವರು ವಿವರಿಸಿದ್ದಾರೆ. ಸೇವಂತಿ ನಿನನ್ ಅವರ 2007ರ ಪುಸ್ತಕ ಹಿಂದಿ ರಾಜ್ಯಗಳ ಸಣ್ಣ ಊರುಗಳಲ್ಲಿ ಇದೇ ಬೆಳವಣಿಗೆ ಹೇಗಾಯಿತು ಎಂದು ನೋಡುತ್ತದೆ. ಸುದ್ದಿಯ ಜೊತೆ ಜಾಹೀರಾತೂ ತರುವ ಸ್ಟ್ರಿಂಗರ್ ಅಲ್ಲಿ ನಮ್ಮ ಹಾಗೆಯೇ ಓಡಾಡುತ್ತಾನೆ. ಉರ್ಸುಲಾ ರಾವ್ ಅವರ 2010ರ ಪುಸ್ತಕ ಲಖನೌದ ಪತ್ರಕರ್ತರದು, ಸಹನಾ ಉಡುಪ ಅವರ 2015ರ ಪುಸ್ತಕ ಬೆಂಗಳೂರಿನ ಇಂಗ್ಲಿಷ್ ಮತ್ತು ಕನ್ನಡ ಪತ್ರಿಕಾಲೋಕದ್ದು.

ಹಾಗಾದರೆ ನಮಗೆ ಉಳಿದದ್ದೇನು? ಒಂದು ರಾತ್ರಿ ಇದೇ ಭಯ. ನಾವು ಹೇಳಬೇಕೆಂದಿದ್ದ ಮಾತು, ಅಂದರೆ ಸ್ಟ್ರಿಂಗರ್ ಜಾಹೀರಾತನ್ನೂ ತರುತ್ತಾನೆ ಎಂಬುದು, ಆಗಲೇ ಪುಸ್ತಕದಲ್ಲಿದೆ. ಅದನ್ನು ‘ಕಂಡುಹಿಡಿಯಲು’ ಯಾರು ದುಡ್ಡು ಕೊಡುತ್ತಾರೆ?

ನಮ್ಮ ಹಳೆಯ ಮೇಷ್ಟ್ರೊಬ್ಬರು ಆಗ ಹೇಳಿದ್ದು ಪುಸ್ತಕದ ಸಾರಾಂಶ ಬರೆಯುವುದು ನಿಲ್ಲಿಸಿ, ಗೆರೆ ಹಾಕಿ ಎಂದು. ನಾವು ಹಳೆ ಕ್ಯಾಲೆಂಡರ್‌ನ ಹಿಂಬದಿಯಲ್ಲಿ ಐದು ಅಂಕಣ ಎಳೆದೆವು. ಎಲ್ಲಿ, ಯಾವ ಭಾಷೆ, ಯಾವ ಕಾಲದ ಸಂಗತಿ, ಯಾರನ್ನು ಮಾತಾಡಿಸಿದರು, ಹೇಗೆ, ಏನು ಕಂಡರು, ಯಾವುದನ್ನು ಹಿಡಿದುಕೊಂಡು ಹೊರಟರು. ಒಂದು ಪುಸ್ತಕಕ್ಕೆ ಒಂದು ಸಾಲು. ನಾಲ್ಕನೇ ಅಂಕಣ ತುಂಬುವುದು ಸುಲಭ, ಎಲ್ಲರೂ ಅಲ್ಲೇ ನಿಲ್ಲುತ್ತಾರೆ. ಐದನೆಯದು ಕಷ್ಟ. ಲೇಖಕರು ಏನನ್ನು ಬಿಟ್ಟರು ಎಂದು ನಾವೇ ಊಹಿಸಿ ಬರೆಯುವಂತಿಲ್ಲ; ಮುನ್ನುಡಿ, ವಿಧಾನದ ಅಧ್ಯಾಯ ಓದಿ ಅವರೇ ಹಾಕಿಕೊಂಡ ಎಲ್ಲೆ ಯಾವುದು, ಅವರ ವಾದ ಯಾವ ಪರಿಸ್ಥಿತಿಯ ಮೇಲೆ ನಿಂತಿದೆ ಎಂದು ನೋಡಬೇಕು.

ತುಂಬಿದ ಮೇಲೆ ಅಡ್ಡಡ್ಡ ಓದುವುದನ್ನು ಬಿಟ್ಟು ಮೇಲಿಂದ ಕೆಳಕ್ಕೆ ಓದಿದೆವು. ಇಡೀ ಕೆಲಸದಲ್ಲಿ ನಮಗೆ ಅತಿ ಉಪಯೋಗಕ್ಕೆ ಬಂದದ್ದು ಇದೇ. ‘ಎಲ್ಲಿ’ ಎಂಬ ಅಂಕಣದಲ್ಲಿ ಹಿಂದಿ ರಾಜ್ಯಗಳು, ಲಖನೌ, ಬೆಂಗಳೂರು. ಕೂಡಲೇ ನಮ್ಮಲ್ಲೊಬ್ಬರು ಕುಣಿದರು: ‘ನಮ್ಮ ಜಿಲ್ಲೆ ಇಲ್ಲ! ಸಿಕ್ಕಿತು ಗ್ಯಾಪ್!’ ಮೇಷ್ಟ್ರಿಗೆ ಫೋನ್ ಮಾಡಿದರೆ ಅವರು ನಕ್ಕರು. ‘ಪಕ್ಕದ ಜಿಲ್ಲೆಯೂ ಇಲ್ಲ ಕಣ್ರಯ್ಯಾ. ಭಾರತದ ಎಲ್ಲ ಜಿಲ್ಲೆಗೂ ಒಂದೊಂದು ಪ್ರಸ್ತಾವನೆ ಬರೀತೀರಾ?’ ಅಂದರು. ಊರು ಬದಲಾದರೆ ಉತ್ತರ ಯಾಕೆ ಬದಲಾಗಬೇಕು ಎಂದು ಹೇಳಲಾಗದಿದ್ದರೆ ಅದು ನಕ್ಷೆಯಲ್ಲಿನ ಖಾಲಿ ಜಾಗ ಮಾತ್ರ.

ಎರಡನೇ ಮತ್ತು ಐದನೇ ಅಂಕಣಗಳನ್ನು ಒಟ್ಟಿಗೆ ಓದಿದಾಗ ಬೇರೆಯೇ ಕಂಡಿತು. ಜೆಫ್ರಿ ಮತ್ತು ನಿನನ್ ವಿವರಿಸುವುದು ಬೆಳವಣಿಗೆಯ ಕಾಲವನ್ನು. ಆವೃತ್ತಿ ಹೆಚ್ಚುತ್ತದೆ, ಪುಟ ಹೆಚ್ಚುತ್ತದೆ, ಪುಟ ತುಂಬಲು ಸ್ಟ್ರಿಂಗರ್ ಬೇಕು, ಸ್ಥಳೀಯ ಜಾಹೀರಾತು ತರಲೂ ಅವನೇ ಬೇಕು. ನಮ್ಮ ಕಾಲ ತಿರುಗಿದೆ. 2020ರ ಲಾಕ್‌ಡೌನ್‌ನಲ್ಲಿ ಜಿಲ್ಲಾ ಪುಟಗಳು ತೆಳುವಾದದ್ದನ್ನು ನಾವು ಕೈಯಾರೆ ಕಂಡವರು. ಜಾಹೀರಾತು ಕೊಡುವ ಪುಢಾರಿಗೆ ಈಗ ಸ್ವಂತ ಫೇಸ್‌ಬುಕ್ ಪುಟ ಇದೆ; ಹುಟ್ಟುಹಬ್ಬದ ಶುಭಾಶಯಕ್ಕೆ ಪತ್ರಿಕೆಯೇ ಆಗಬೇಕೆಂದಿಲ್ಲ. ಸ್ಟ್ರಿಂಗರ್‌ನ ವಾಟ್ಸ್ಆ್ಯಪ್ ಗುಂಪಿನಲ್ಲಿ ಸುದ್ದಿ ಪತ್ರಿಕೆಗಿಂತ ಮೊದಲು ಹೋಗುತ್ತದೆ. ಪುಟ ಹಿಗ್ಗುವಾಗ ಸ್ಟ್ರಿಂಗರ್ ಹೇಗೆ ನಡೆದುಕೊಂಡ ಎಂಬ ವಿವರಣೆ ಇದೆ. ಪುಟ ಕುಗ್ಗಿದಾಗ, ಉಳಿದ ನಾಲ್ಕು ಜಾಹೀರಾತುದಾರರ ಮೇಲೆಯೇ ಕಮಿಷನ್ ನಿಂತಾಗ, ಅದೇ ವಿವರಣೆ ನಿಲ್ಲುತ್ತದೆಯೇ? ಅವನು ಅವರಿಗೆ ಇನ್ನಷ್ಟು ಅಂಜುತ್ತಾನೆಯೇ, ಅಥವಾ ‘ಹೇಗೂ ದುಡ್ಡಿಲ್ಲ’ ಎಂದು ಧೈರ್ಯವಾಗಿ ಬರೆಯುತ್ತಾನೆಯೇ? ಎರಡೂ ಸಾಧ್ಯ. ಓದಿದ ಪುಸ್ತಕಗಳಿಂದ ಯಾವುದೆಂದು ಹೇಳಲಾಗುವುದಿಲ್ಲ. ಅಂತರ ಎಂದರೆ ಇದು ಎಂದು ನಮಗೆ ಹೊಳೆದದ್ದು ಆಗ.

ಬರೆಯುವುದು ಬೇರೆ ತಾಪತ್ರಯ. ಸುದ್ದಿ ಬರೆದು ಪಳಗಿದ ಕೈ, ಮೊದಲ ಸಾಲಿನಲ್ಲೇ ಮುಖ್ಯ ವಿಷಯ ಹೇಳಿಬಿಡುತ್ತದೆ. ಸಮಸ್ಯೆಯ ನಿರೂಪಣೆಯಲ್ಲಿ ಅಂತರವನ್ನು ಮೊದಲೇ ಹೇಳಿದರೆ ಓದುವವರಿಗೆ ಅದು ಯಾವುದರ ನಡುವಿನ ಅಂತರ ಎಂದೇ ತಿಳಿಯದು. ಜಾನ್ ಸ್ವೇಲ್ಸ್ ಎಂಬ ಭಾಷಾವಿಜ್ಞಾನಿ ಸಂಶೋಧನಾ ಲೇಖನಗಳ ಪೀಠಿಕೆಗಳನ್ನು ಬಿಡಿಸಿ ನೋಡಿ 1990ರ ಪುಸ್ತಕದಲ್ಲಿ ಮೂರು ನಡೆ ಗುರುತಿಸಿದ್ದಾರೆ: ಮೊದಲು ಕ್ಷೇತ್ರ ತೋರಿಸುವುದು, ಆಮೇಲೆ ಅದರಲ್ಲಿ ಜಾಗ ಬಿಡಿಸಿಕೊಳ್ಳುವುದು, ಕೊನೆಗೆ ಆ ಜಾಗದಲ್ಲಿ ಕೂರುವುದು. ಬಸ್ಸಿನಲ್ಲಿ ಸೀಟು ಹಿಡಿದ ಹಾಗೆ ಎಂದುಕೊಂಡೆವು ನಾವು. ಎರಡನೇ ನಡೆಯ ಗುರುತು ಒಂದು ‘ಆದರೆ’. ನಮ್ಮ ಹಳೆಯ ಕರಡಿನಲ್ಲಿ ಹುಡುಕಿದರೆ ಎರಡು ಪುಟದಲ್ಲಿ ಏಳು ‘ಆದರೆ’ ಇದ್ದವು, ಏಳೂ ಬೇರೆ ಬೇರೆ ಕಡೆ ತಿರುಗುತ್ತಿದ್ದವು. ಹೊಸದರಲ್ಲಿ ಒಂದನ್ನೇ ಉಳಿಸಿಕೊಂಡೆವು. ಅದು ಹೀಗಿತ್ತು:

‘ಸ್ಥಳೀಯ ಪುಟಗಳ ವಿಸ್ತರಣೆಯೇ ಸ್ಟ್ರಿಂಗರ್‌ನನ್ನು ಸುದ್ದಿಗಾರನೂ ಜಾಹೀರಾತು ಸಂಗ್ರಾಹಕನೂ ಆಗಿಸಿತು ಎಂಬುದನ್ನು ಜೆಫ್ರಿ (2000) ಮತ್ತು ನಿನನ್ (2007) ಅವರ ಕೃತಿಗಳಿಂದ ತಿಳಿಯಬಹುದು. ಕನ್ನಡ ಪತ್ರಿಕೋದ್ಯಮದ ಮಟ್ಟಿಗೆ ಉಡುಪ (2015) ಅವರ ಅಧ್ಯಯನ ಬೆಂಗಳೂರು ನಗರವನ್ನು ಕೇಂದ್ರವಾಗಿಟ್ಟುಕೊಂಡಿದೆ. ಆದರೆ ಮೊದಲೆರಡು ವಿವರಣೆಗಳು ಪುಟ ಮತ್ತು ಜಾಹೀರಾತು ಹೆಚ್ಚುತ್ತಿದ್ದ ಕಾಲದವು. ಅವು ಕಡಿಮೆಯಾದಾಗ, ಕೆಲವೇ ಜಾಹೀರಾತುದಾರರನ್ನು ಅವಲಂಬಿಸಿದ ತಾಲ್ಲೂಕು ಸ್ಟ್ರಿಂಗರ್‌ನ ಸುದ್ದಿ ಆಯ್ಕೆ ಏನಾಗುತ್ತದೆ ಎಂದು ಅವುಗಳಿಂದ ತಿಳಿಯದು. ಇದು ತಿಳಿಯದೆ ಇದ್ದಲ್ಲಿ, ತಾಲ್ಲೂಕಿನಿಂದ ಸುದ್ದಿ ಬಾರದಿರುವುದನ್ನು ವರದಿಗಾರನ ತರಬೇತಿಯ ಕೊರತೆ ಎಂದೇ ಭಾವಿಸಿ ಪರಿಹಾರವಾಗಿ ಕಾರ್ಯಾಗಾರಗಳು ಮುಂದುವರಿಯುತ್ತವೆ.’

ಕೊನೆಯ ವಾಕ್ಯ ಪೆನ್ಸಿಲ್‌ನ ಎರಡನೇ ಪ್ರಶ್ನೆಗೆ ಉತ್ತರ. ನಾವು ಮೂವರೂ ಸೇರಿ ಎಷ್ಟು ಕಾರ್ಯಾಗಾರದಲ್ಲಿ ಉಪ್ಪಿಟ್ಟು ತಿಂದಿದ್ದೇವೆ ಎಂಬ ಲೆಕ್ಕ ಪ್ರಸ್ತಾವನೆಗೆ ಸೇರಿಸಲಿಲ್ಲ.

ಮೊದಲ ಪ್ರಶ್ನೆಗೆ ಉತ್ತರ ಇನ್ನೂ ಸರಳ: ಹುಡುಕಿದ ಜಾಗವನ್ನೇ ಬರೆದುಬಿಡುವುದು. ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳಿರುವ ಶೋಧಗಂಗಾ, ನಮಗೆ ಹತ್ತಿರದ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯ, ಇಂತಿಂತಹ ಪದಗಳು, ಇಂತಹ ತಿಂಗಳು. ಪದಗಳ ವಿಷಯದಲ್ಲಿ ಎಚ್ಚರ ಬೇಕು. ಸ್ಟ್ರಿಂಗರ್ ಎಂದು ನಾವು ಕರೆದುಕೊಳ್ಳುತ್ತೇವೆ. ಪ್ರಬಂಧಗಳಲ್ಲಿ ಅದು ‘ಅರೆಕಾಲಿಕ ವರದಿಗಾರ’, ‘ತಾಲ್ಲೂಕು ಬಾತ್ಮೀದಾರ’, ‘ಗ್ರಾಮೀಣ ಪತ್ರಕರ್ತ’ ಎಂದಿರಬಹುದು. ಒಂದೇ ಪದ ಹಾಕಿ ಏನೂ ಸಿಗಲಿಲ್ಲವೆಂದರೆ ಖಾಲಿ ಇರುವುದು ಕ್ಷೇತ್ರವಲ್ಲ, ನಮ್ಮ ಹುಡುಕಾಟ. ಹೀಗೆ ಬರೆದ ಮೇಲೆ ‘ಯಾವುದೇ ಅಧ್ಯಯನ ನಡೆದಿಲ್ಲ’ ಎಂಬುದು ‘ನಾವು ನೋಡಿದ ಅಧ್ಯಯನಗಳಲ್ಲಿ ಈ ಪ್ರಶ್ನೆ ಬಂದಿಲ್ಲ’ ಎಂದಾಯಿತು. ದನಿ ತಗ್ಗಿತು, ನಂಬಿಕೆ ಹೆಚ್ಚಿತು.

ಇಷ್ಟಾದರೂ ಇನ್ನೊಂದು ಕಡೆ ಎಡವಿದ್ದೆವು. ಅಂತರ ಹೊಸದಾಯಿತು, ಕೆಳಗಿನ ಉದ್ದೇಶಗಳು ಹಳೆಯವೇ ಉಳಿದಿದ್ದವು: ‘ಸ್ಟ್ರಿಂಗರ್‌ಗಳ ಉದ್ಯೋಗ ತೃಪ್ತಿ ಅರಿಯುವುದು’, ‘ಸಾಮಾಜಿಕ-ಆರ್ಥಿಕ ಸ್ಥಿತಿ ತಿಳಿಯುವುದು’. ಇದು ತಿಳಿದದ್ದು ಆಕಸ್ಮಿಕವಾಗಿ. ನಮ್ಮಲ್ಲೊಬ್ಬರ ತಂಗಿ ಬಿ.ಎಡ್ ಓದುತ್ತಿದ್ದಾಳೆ, ಅವಳಿಗೆ ಉದ್ದೇಶಗಳ ಪುಟ ಮಾತ್ರ ಕೊಟ್ಟು ಇದಕ್ಕೆ ಮುಂಚೆ ಏನು ಬರೆದಿರಬಹುದು ಹೇಳು ಎಂದೆವು. ‘ನಿಮಗೆ ಸಂಬಳ ಸಾಲದು ಅಂತ ಬರೆದಿರ್ತೀರಿ ಅಣ್ಣಾ’ ಅಂದಳು. ಪುಟದ ಕುಗ್ಗುವಿಕೆ, ಸುದ್ದಿಯ ಆಯ್ಕೆ ಎರಡೂ ಅವಳಿಗೆ ಕಾಣಲಿಲ್ಲ, ಯಾಕೆಂದರೆ ಅಲ್ಲಿ ಇರಲೇ ಇಲ್ಲ. ಉದ್ದೇಶಗಳನ್ನು ಎರಡಕ್ಕೆ ಇಳಿಸಿದೆವು: ಮೂರು ತಾಲ್ಲೂಕುಗಳ ಸ್ಟ್ರಿಂಗರ್‌ಗಳ ಒಂದು ವರ್ಷದ ಜಾಹೀರಾತು ಕಮಿಷನ್ ಎಷ್ಟು ಜನರಿಂದ ಬರುತ್ತದೆ ಎಂದು ದಾಖಲಿಸುವುದು, ಅದೇ ವರ್ಷ ಅವರಿಗೆ ಗೊತ್ತಿದ್ದೂ ಕಳಿಸದ ಸುದ್ದಿಗಳು ಯಾವುವು, ಯಾಕೆ ಎಂದು ಕೇಳುವುದು. ಕ್ವಾರಿಯ ಕಥೆ ಮೊದಲ ಪುಟದಿಂದ ಇಲ್ಲಿಗೆ ಬಂತು, ಎರಡೇ ವಾಕ್ಯವಾಗಿ, ನಾವು ಏನನ್ನು ಕೇಳಲಿದ್ದೇವೆ ಎಂಬುದಕ್ಕೆ ಉದಾಹರಣೆಯಾಗಿ.

ಎರಡನೇ ಸಲ ಸಂದರ್ಶನಕ್ಕೆ ಕರೆದರು. ಅಂತರದ ಬಗ್ಗೆ ಒಬ್ಬರೂ ಕೇಳಲಿಲ್ಲ. ಕೇಳಿದ್ದು ಒಂದೇ: ‘ಕಮಿಷನ್ ಲೆಕ್ಕ ನಿಮಗೆ ಯಾರು ತೋರಿಸುತ್ತಾರೆ?’ ಒಳ್ಳೆಯ ಪ್ರಶ್ನೆ, ಉತ್ತರ ನಮ್ಮ ಬಳಿ ಪೂರ್ತಿ ಇರಲಿಲ್ಲ. ಮೊದಲು ನಮ್ಮದನ್ನೇ ತೋರಿಸುತ್ತೇವೆ ಎಂದು ಹೇಳಿ ಬಂದೆವು. ವಾಪಸ್ ಬರುವ ಬಸ್ಸಿನಲ್ಲಿ ಮೂವರೂ ಮೊಬೈಲ್ ತೆರೆದು ಹಿಂದಿನ ವರ್ಷದ ಜಮಾ ಸಂದೇಶಗಳನ್ನು ಎಣಿಸಿದೆವು. ಕಲ್ಲು ಕ್ವಾರಿಯವರ ಹೆಸರು ದಸರಾಕ್ಕೆ ಒಂದು ಸಲ ಅಲ್ಲ, ದೀಪಾವಳಿಗೂ ಯುಗಾದಿಗೂ ಇತ್ತು.